ಅಂಕಿ ಅಲುಗದಂತೆ ಕನ್ನಡ ತಿದ್ದುವುದು

ಯಂತ್ರದ ಜೊತೆ ಬರುವ ಕೈಪಿಡಿಯನ್ನು ಬರೆಯುವವರು ಸಾಮಾನ್ಯವಾಗಿ ಆ ಯಂತ್ರವನ್ನು ಬಲ್ಲ ಎಂಜಿನಿಯರುಗಳು. ಅವರಲ್ಲಿ ಹಲವರ ಮನೆಮಾತು ಕನ್ನಡವಲ್ಲ. ಕಲಿತ ಕನ್ನಡದಲ್ಲಿ ಅವರು ಬರೆದ ಪ್ಯಾರಾದಲ್ಲಿ ವಿಷಯ ಸರಿಯಾಗಿರುತ್ತದೆ, ವಾಕ್ಯ ಮಾತ್ರ ಎಡವುತ್ತದೆ. ಅದನ್ನು ತಿದ್ದುವವರಿಗೆ ಕನ್ನಡ ಚೆನ್ನಾಗಿ ಗೊತ್ತು, ಯಂತ್ರ ಅಷ್ಟಾಗಿ ಗೊತ್ತಿಲ್ಲ. ಹೀಗಾಗಿ ವಾಕ್ಯ ನೇರವಾಗುವ ಹೊತ್ತಿಗೆ ಒಂದು ಮಿತಿಯೋ ಒಂದು ಷರತ್ತೋ ಸದ್ದಿಲ್ಲದೆ ಬಿದ್ದುಹೋಗುವ ಅಪಾಯ ಯಾವಾಗಲೂ ಇರುತ್ತದೆ.

ಕೊಳವೆಬಾವಿಗೆ ಇಳಿಸುವ ಮೂರು ಫೇಸ್‌ನ ಸಬ್‌ಮರ್ಸಿಬಲ್ ಪಂಪ್‌ಸೆಟ್‌ನ ಕೈಪಿಡಿಯಿಂದ ಒಂದು ಪ್ಯಾರಾ ಎಂದುಕೊಂಡು ಕೆಳಗಿನದನ್ನು ನೋಡಬಹುದು. ಇದು ಉದಾಹರಣೆಗೆಂದೇ ರಚಿಸಿದ್ದು. ಇದರ ಅಂಕಿಗಳು ಈ ಉದಾಹರಣೆಗೆ ಮಾತ್ರ ಸೇರಿದವು. ಬರೆದವರ ಮನೆಮಾತು ಹಿಂದಿ ಎಂದು ಇಟ್ಟುಕೊಳ್ಳಬಹುದು.

"ಮೋಟರ್ ಇಳಿಸಲ್ಪಡುವ ಮೊದಲು ಅದರ ಒಳಗಡೆಯು ಶುದ್ಧವಾದ ಕುಡಿಯುವ ನೀರಿನಿಂದ ತುಂಬಿಸಲ್ಪಡಬೇಕು ಮತ್ತು ಅರ್ಧ ಗಂಟೆಯ ನಂತರ ನೀರಿನ ಮಟ್ಟವು ಪುನಃ ಪರಿಶೀಲಿಸಲ್ಪಟ್ಟು ಅಗತ್ಯವಿದ್ದಲ್ಲಿ ಮತ್ತೊಮ್ಮೆ ತುಂಬಿಸಲ್ಪಡಬೇಕಾಗಿರುತ್ತದೆ. ಯಾವ ಪಂಪ್ ಇದೆಯೋ ಅದನ್ನು ಬೋರ್‌ವೆಲ್‌ನ ತಳದಿಂದ 3 ಮೀಟರ್‌ಗಳಿಗಿಂತ ಕಡಿಮೆಯಲ್ಲದ ಎತ್ತರದಲ್ಲಿ ಇಡಲ್ಪಡಬೇಕು, ಮತ್ತು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಬಹಳ ಮುಖ್ಯವಾಗಿದೆ ಏನೆಂದರೆ ಬೇಸಿಗೆಯ ಅತಿ ಕಡಿಮೆ ನೀರಿನ ಮಟ್ಟದಿಂದ ಪಂಪ್ ಕನಿಷ್ಠ 1 ಮೀಟರ್ ಕೆಳಗೆ ಇರುತ್ತಾನೆ. ವೋಲ್ಟೇಜ್ 350 ರಿಂದ 440 ವೋಲ್ಟ್‌ಗಳ ನಡುವೆ ಇಲ್ಲದಿದ್ದಲ್ಲಿ ಪಂಪ್ ಚಾಲನೆ ಮಾಡಲ್ಪಡಬಾರದು. 500 ವೋಲ್ಟ್ ಮೆಗ್ಗರ್‌ನ ಮೂಲಕ ಇನ್ಸುಲೇಷನ್ ರೆಸಿಸ್ಟೆನ್ಸ್ 1 ಮೆಗಾಓಮ್‌ನ ಮೇಲೆ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕವಾಗಿದೆ. ಒಂದು ಗಂಟೆಯಲ್ಲಿ 10 ಸಲಗಳಿಗಿಂತ ಹೆಚ್ಚು ಸ್ಟಾರ್ಟ್ ಮಾಡುವುದು ಶಿಫಾರಸು ಮಾಡಲ್ಪಟ್ಟಿಲ್ಲ."

ಇದನ್ನು ಕಂಡ ಕೂಡಲೇ ಪೆನ್ನು ಹಿಡಿಯಬೇಕೆನಿಸುತ್ತದೆ. ಅನುಭವಿಗಳು ಹಾಗೆ ಮಾಡುವುದಿಲ್ಲ. ಮೊದಲು ಬೇರೊಂದು ಹಾಳೆಯಲ್ಲಿ ಪ್ಯಾರಾದೊಳಗಿನ ನಿರ್ದಿಷ್ಟ ಸಂಗತಿಗಳನ್ನೆಲ್ಲ ಬಿಡಿಸಿ ಬರೆದುಕೊಳ್ಳುತ್ತಾರೆ. ಅಂಕಿಗಳು ಸುಲಭವಾಗಿ ಸಿಗುತ್ತವೆ: ಅರ್ಧ ಗಂಟೆ, 3, 1, 350, 440, 500, ಮತ್ತೆ 1, 10. ಒಟ್ಟು ಎಂಟು. ಅಂಕಿಯಷ್ಟನ್ನೇ ಬರೆದುಕೊಂಡರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವುದರ ಅಳತೆ, ಎಲ್ಲಿಂದ ಎಲ್ಲಿಗೆ, ಕನಿಷ್ಠವೋ ಗರಿಷ್ಠವೋ, ಯಾವ ಸ್ಥಿತಿಯಲ್ಲಿ, ಕಡ್ಡಾಯವೋ ಸಲಹೆಯೋ ಎಂಬುದೂ ಬೇಕು. ಅಂಕಿಯೇ ಇಲ್ಲದ ಸಂಗತಿಗಳೂ ಇವೆ. "ಕುಡಿಯುವ ನೀರು" ಅಂಥದ್ದು. "ಇಳಿಸುವ ಮೊದಲು" ಅಂಥದ್ದು. "ಬೇಸಿಗೆಯ ಅತಿ ಕಡಿಮೆ ಮಟ್ಟ" ಎಂಬುದೂ ಅಂಥದ್ದೇ. ತಿದ್ದುವಾಗ ಮೊದಲು ಕಳೆದುಹೋಗುವುದು ಇಂಥ ಮಾತುಗಳು, ಏಕೆಂದರೆ ಅವು ನೋಡುವುದಕ್ಕೆ ಬರಿ ವಿಶೇಷಣಗಳಂತೆ ಇರುತ್ತವೆ.

"ಶುದ್ಧವಾದ ಕುಡಿಯುವ ನೀರು" ಎಂಬುದನ್ನೇ ತೆಗೆದುಕೊಂಡರೆ, ಎರಡು ವಿಶೇಷಣಗಳಲ್ಲಿ ಒಂದು ಸಾಕು ಎಂದು ತಿದ್ದುವವರ ಕಿವಿ ಹೇಳುತ್ತದೆ. "ಶುದ್ಧ ನೀರು" ಎಂದಷ್ಟೇ ಉಳಿಸಿದರೆ, ಬ್ಯಾಟರಿಗೆ ಹಾಕುವ ನೀರೂ ಶುದ್ಧವೇ ಅಲ್ಲವೇ ಎಂದು ಯಾರಾದರೂ ಅದನ್ನು ಹಾಕಬಹುದು. "ಕುಡಿಯುವ ನೀರು" ಎಂದಾಗ ನಲ್ಲಿಯದೋ ಬಾವಿಯದೋ, ಮಣ್ಣು, ಮರಳು, ಉಪ್ಪಿಲ್ಲದ ನೀರು ಎಂಬುದು ಯಾರಿಗೂ ಹೊಳೆಯುತ್ತದೆ. ಇಲ್ಲಿ ಉಳಿಯಬೇಕಾದ ಪದ ಎರಡನೆಯದು. ಅದೇ ರೀತಿ ಅರ್ಧ ಗಂಟೆಯ ಕಾಯುವಿಕೆಗೂ ಕಾರಣವಿದೆ. ಮೋಟರ್‌ನ ವೈಂಡಿಂಗ್ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ನಿಧಾನವಾಗಿ ಮೇಲೆ ಬರುತ್ತವೆ, ಆಗ ನೀರಿನ ಮಟ್ಟ ತಗ್ಗುತ್ತದೆ. "ಸ್ವಲ್ಪ ಹೊತ್ತು ಬಿಟ್ಟು" ಎಂದು ಬರೆದರೆ ಕನ್ನಡ ಸೊಗಸಾಗಿ ಹರಿಯುತ್ತದೆ, ಗಾಳಿ ಒಳಗೇ ಉಳಿಯುತ್ತದೆ.

ಪಟ್ಟಿ ಆದ ಮೇಲೆ ಭಾಷೆಗೆ ಬರಬಹುದು. ಈ ಪ್ಯಾರಾದ ತೊಡಕುಗಳಿಗೆ ಎರಡು ಮೂಲಗಳಿವೆ. "ತುಂಬಿಸಲ್ಪಡಬೇಕು", "ಇಡಲ್ಪಡಬೇಕು" ಎಂಬ ಕರ್ಮಣಿ ಪ್ರಯೋಗ ಇಂಗ್ಲಿಷ್ ಕೈಪಿಡಿಗಳ ನೆರಳು. ಕನ್ನಡದಲ್ಲಿ ಕೆಲಸ ಹೇಳುವಾಗ "ತುಂಬಿಸಿ", "ಇಡಿ" ಎನ್ನುವುದೇ ಸಹಜ, ಅದರಲ್ಲಿ ಮರ್ಯಾದೆಯೂ ಇದೆ. "ಯಾವ ಪಂಪ್ ಇದೆಯೋ ಅದನ್ನು" ಎಂಬುದು ಹಿಂದಿಯ ವಾಕ್ಯರಚನೆ. ಕನ್ನಡಕ್ಕೆ "ಪಂಪನ್ನು" ಎಂದರೆ ಸಾಕು. "ಪಂಪ್ ಇರುತ್ತಾನೆ" ಎಂಬುದೂ ಅಲ್ಲಿಂದಲೇ ಬಂದದ್ದು. ಹಿಂದಿಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣಿನ ಭೇದವಿದೆ, ಪಂಪ್ ಅಲ್ಲಿ ಪುಲ್ಲಿಂಗ. ಸಂಖ್ಯೆಯ ಮುಂದೆ "ಮೀಟರ್‌ಗಳು", "ಸಲಗಳು" ಎನ್ನುವ ಬಹುವಚನ ಬೇಡ. "ಗಮನದಲ್ಲಿ ಇಟ್ಟುಕೊಳ್ಳುವುದು ಬಹಳ ಮುಖ್ಯವಾಗಿದೆ ಏನೆಂದರೆ" ಎಂಬುದರಲ್ಲಿ ಯಾವ ಸಂಗತಿಯೂ ಇಲ್ಲ, ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ. ಅದನ್ನು ನಿಶ್ಚಿಂತೆಯಿಂದ ಬಿಡಬಹುದು. ಯಾವುದನ್ನು ಬಿಡಬಹುದು ಎಂದು ತೋರಿಸಿಕೊಡುವುದೂ ಪಟ್ಟಿಯೇ.

ಇಮ್ಮಡಿ ನಿಷೇಧವನ್ನು ಬಿಡಿಸುವಲ್ಲಿ ಹೆಚ್ಚು ಎಚ್ಚರ ಬೇಕು. "350 ರಿಂದ 440 ವೋಲ್ಟ್‌ಗಳ ನಡುವೆ ಇಲ್ಲದಿದ್ದಲ್ಲಿ ಚಾಲನೆ ಮಾಡಬಾರದು" ಎಂಬುದನ್ನು "350 ರಿಂದ 440 ವೋಲ್ಟ್ ಇದ್ದಾಗ ಓಡಿಸಿ" ಎಂದು ತಿರುಗಿಸಿದರೆ ವಾಕ್ಯ ಚಿಕ್ಕದಾಗುತ್ತದೆ, ನಿಷೇಧ ಮಾಯವಾಗುತ್ತದೆ. 320 ವೋಲ್ಟ್ ಇದ್ದರೆ ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. "ಇದ್ದಾಗ ಮಾತ್ರ ಓಡಿಸಿ" ಎಂದರೆ ಅರ್ಥ ಪೂರ್ತಿ ಉಳಿಯುತ್ತದೆ. "ಕನಿಷ್ಠ", "ಗರಿಷ್ಠ", "ಒಳಗೆ", "ಮಾತ್ರ", "ಊ" ಪ್ರತ್ಯಯ, ಇವು ಕೈಪಿಡಿಯಲ್ಲಿ ಅಂಕಿಯಷ್ಟೇ ತೂಕದವು. "1 ಮೆಗಾಓಮ್‌ಗಿಂತ ಹೆಚ್ಚು" ಎಂಬುದೂ "ಕನಿಷ್ಠ 1 ಮೆಗಾಓಮ್" ಎಂಬುದೂ ಒಂದೇ ಅಲ್ಲ. ಮೊದಲನೆಯದರ ಪ್ರಕಾರ ಸರಿಯಾಗಿ 1 ಬಂದರೆ ಮೋಟರ್ ತೇರ್ಗಡೆಯಾಗುವುದಿಲ್ಲ, ಎರಡನೆಯದರ ಪ್ರಕಾರ ಆಗುತ್ತದೆ. ಮೂಲದಲ್ಲಿ "ಮೇಲೆ" ಎಂದಿರುವುದರಿಂದ "ಹೆಚ್ಚು" ಎಂದೇ ಇಡಬೇಕು.

ಕೊನೆಯ ವಾಕ್ಯದ "ಶಿಫಾರಸು ಮಾಡಲ್ಪಟ್ಟಿಲ್ಲ" ಇನ್ನೊಂದು ಬಗೆಯ ಬಲೆ. ಇದನ್ನು "ಸ್ಟಾರ್ಟ್ ಮಾಡಬೇಡಿ" ಎಂದು ಬಿಗಿಗೊಳಿಸಲು ಕೈ ಹೋಗುತ್ತದೆ. ಆದರೆ ಕಡ್ಡಾಯ ಬೇರೆ, ಸಲಹೆ ಬೇರೆ. ಅಂತರರಾಷ್ಟ್ರೀಯ ಮಾನಕಗಳನ್ನು ಬರೆಯುವ ನಿಯಮಗಳಲ್ಲಿ ಕಡ್ಡಾಯ, ಶಿಫಾರಸು, ಅನುಮತಿ ಇವಕ್ಕೆ ಬೇರೆ ಬೇರೆ ಕ್ರಿಯಾಪದಗಳನ್ನೇ ಗೊತ್ತುಪಡಿಸಿದ್ದಾರೆ. ಕನ್ನಡದಲ್ಲೂ ಇದು ಕಷ್ಟವಲ್ಲ: ಕಡ್ಡಾಯಕ್ಕೆ "ಬೇಕು, ಬೇಡಿ", ಸಲಹೆಗೆ "ಒಳ್ಳೆಯದು", ಅನುಮತಿಗೆ "ಬಹುದು". ಒಮ್ಮೆ ಹೀಗೆ ಗೊತ್ತುಮಾಡಿಕೊಂಡರೆ ಇಡೀ ಕೈಪಿಡಿಯಲ್ಲಿ ಅದನ್ನೇ ಪಾಲಿಸಬೇಕು.

ಪದಗಳ ವಿಷಯದಲ್ಲೂ ಹಾಗೆಯೇ. ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂಬುದು ಪ್ರಬಂಧಕ್ಕೆ ಒಳ್ಳೆಯ ಪಾಠ, ಕೈಪಿಡಿಗೆ ಕೆಟ್ಟದ್ದು. ವಿಮಾನ ಉದ್ಯಮಕ್ಕಾಗಿ ರೂಪಿಸಿದ ಸರಳ ತಾಂತ್ರಿಕ ಇಂಗ್ಲಿಷ್‌ನ ನಿಯಮಾವಳಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ, ಒಂದು ಸೂಚನಾ ವಾಕ್ಯಕ್ಕೆ ಹೆಚ್ಚೆಂದರೆ 20 ಪದ ಎಂಬ ಕಟ್ಟುಗಳಿವೆ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಆ 20ರ ಲೆಕ್ಕ ಹೊಂದುವುದಿಲ್ಲ. ಒಂದು ಪದಕ್ಕೆ ಒಂದೇ ಅರ್ಥ ಎಂಬುದು ಮಾತ್ರ ಹಾಗೇ ಹೊಂದುತ್ತದೆ. ಹಳ್ಳಿಯಲ್ಲಿ "ಮೋಟರ್ ಆನ್ ಮಾಡು" ಎಂದರೆ ಇಡೀ ಪಂಪ್‌ಸೆಟ್ ಎಂದರ್ಥ. ಕೈಪಿಡಿಯಲ್ಲಿ ನೀರು ತುಂಬಬೇಕಾದದ್ದು ಮೋಟರ್‌ಗೆ, ಮುಳುಗಿರಬೇಕಾದದ್ದು ಪಂಪ್. ಮೋಟರ್, ಪಂಪ್, ಪಂಪ್‌ಸೆಟ್ ಮೂರನ್ನೂ ಬೇರೆ ಬೇರೆಯಾಗಿಯೇ ಬಳಸಬೇಕಾಗುತ್ತದೆ. ಮೆಗ್ಗರ್, ಇನ್ಸುಲೇಷನ್ ರೆಸಿಸ್ಟೆನ್ಸ್ ಇವಕ್ಕೆ ಹೊಸ ಕನ್ನಡ ಪದ ಕಟ್ಟುವುದೂ ಬೇಡ. ಮೆಕ್ಯಾನಿಕ್ ಬಳಸುವ ಪದ ಅದೇ.

ತಿದ್ದಿ ಮುಗಿಯುವಾಗ ಕೆಲವು ಪ್ರಶ್ನೆಗಳು ಉಳಿಯುತ್ತವೆ, ಉಳಿಯಲೇಬೇಕು. ಸಬ್‌ಮರ್ಸಿಬಲ್‌ನಲ್ಲಿ ಮೋಟರ್ ಇರುವುದು ಪಂಪ್‌ನ ಕೆಳಗೆ. ಹಾಗಾದರೆ "ತಳದಿಂದ 3 ಮೀಟರ್" ಎಂಬುದು ಪಂಪ್‌ನ ಬುಡಕ್ಕೋ ಮೋಟರ್‌ನ ಬುಡಕ್ಕೋ? ಪಂಪ್‌ನ ಬುಡದಿಂದ ಅಳೆದರೆ ಮೋಟರ್‌ನ ಉದ್ದವಷ್ಟೂ ಆ 3 ಮೀಟರ್‌ನಲ್ಲಿ ಕಳೆದುಹೋಗುತ್ತದೆ. ಮೋಟರ್ ತಳದ ಹೂಳಿಗೆ ಹತ್ತಿರವಾಗುತ್ತದೆ, ಹೂಳಿನಲ್ಲಿ ಹುದುಗಿದರೆ ಸುತ್ತ ನೀರು ಹರಿಯದೆ ಕಾಯುತ್ತದೆ. 350 ರಿಂದ 440 ವೋಲ್ಟ್ ಎಂಬುದು ಎರಡು ಫೇಸ್‌ಗಳ ನಡುವಿನ ಅಳತೆಯಾಗಿರಬೇಕು. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆದವರಿಗೆ ಸುಮಾರು 240 ಕಾಣುತ್ತದೆ, ಸರಿಯಾದ ಕರೆಂಟಿದ್ದರೂ ಅವರು ಪಂಪ್ ಓಡಿಸುವುದಿಲ್ಲ. ಮೆಗ್ಗರ್ ಪರೀಕ್ಷೆ ಪ್ಯಾರಾದ ಕೊನೆಯಲ್ಲಿದೆ. ಅದನ್ನು ಇಳಿಸುವ ಮೊದಲು ಮಾಡಬೇಕೋ, ಇಳಿಸಿದ ಮೇಲೋ? ಇವಕ್ಕೆಲ್ಲ ತಿದ್ದುವವರು ತಾವೇ ಉತ್ತರ ಊಹಿಸಿ ಬರೆಯಬಾರದು. ಊಹೆ ಸರಿಯೇ ಇರಬಹುದು, ಆದರೂ ಅಚ್ಚಾದ ಮೇಲೆ ಅದು ಕಂಪನಿಯ ಮಾತಾಗುತ್ತದೆ. ಪ್ರಶ್ನೆಗಳನ್ನು ಬರೆದು ಎಂಜಿನಿಯರಿಗೆ ಕಳಿಸಬೇಕು.

ಮೋಟರ್‌ನ ಬುಡದಿಂದ, ಎರಡು ಫೇಸ್‌ಗಳ ನಡುವೆ, ಇಳಿಸುವ ಮೊದಲು ಎಂಬ ಉತ್ತರ ಬಂದಿತೆಂದರೆ ಪ್ಯಾರಾ ಹೀಗಾಗುತ್ತದೆ:

"ಇಳಿಸುವ ಮೊದಲು ಮೋಟರ್‌ಗೆ ಕುಡಿಯುವ ನೀರು ತುಂಬಿಸಿ. ಅರ್ಧ ಗಂಟೆ ಬಿಟ್ಟು ಮಟ್ಟ ನೋಡಿ, ತಗ್ಗಿದ್ದರೆ ಮತ್ತೆ ತುಂಬಿಸಿ. ಇಳಿಸುವ ಮೊದಲೇ 500 ವೋಲ್ಟ್ ಮೆಗ್ಗರ್‌ನಿಂದ ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯಿರಿ, ಅದು 1 ಮೆಗಾಓಮ್‌ಗಿಂತ ಹೆಚ್ಚಿರಬೇಕು. ಮೋಟರ್‌ನ ಬುಡ ಬೋರ್‌ವೆಲ್ ತಳದಿಂದ ಕನಿಷ್ಠ 3 ಮೀಟರ್ ಮೇಲಿರಬೇಕು. ಬೇಸಿಗೆಯಲ್ಲಿ ನೀರು ಅತಿ ಕೆಳಕ್ಕೆ ಇಳಿದಾಗಲೂ ಪಂಪ್ ಆ ಮಟ್ಟದಿಂದ ಕನಿಷ್ಠ 1 ಮೀಟರ್ ಕೆಳಗಿರಬೇಕು. ಎರಡು ಫೇಸ್‌ಗಳ ನಡುವೆ 350 ರಿಂದ 440 ವೋಲ್ಟ್ ಇದ್ದಾಗ ಮಾತ್ರ ಪಂಪ್ ಓಡಿಸಿ. ಗಂಟೆಗೆ 10ಕ್ಕಿಂತ ಹೆಚ್ಚು ಸಲ ಸ್ಟಾರ್ಟ್ ಮಾಡದಿರುವುದು ಒಳ್ಳೆಯದು."

ವಾಕ್ಯಗಳ ಕ್ರಮ ಕೆಲಸದ ಕ್ರಮದಲ್ಲೇ ಇದೆ. ಈಗ ಪಟ್ಟಿಯನ್ನು ಮತ್ತೆ ತೆಗೆಯಬೇಕು. ಒಬ್ಬರು ಹೊಸ ಪ್ಯಾರಾ ಗಟ್ಟಿಯಾಗಿ ಓದುತ್ತ ಹೋದರೆ ಇನ್ನೊಬ್ಬರು ಪಟ್ಟಿಯಲ್ಲಿ ಒಂದೊಂದನ್ನೇ ಗುರುತು ಹಾಕುತ್ತಾರೆ. ಗುರುತು ಬೀಳದೆ ಉಳಿದದ್ದು ಕಳೆದುಹೋದ ಸಂಗತಿ. ಪಟ್ಟಿಯಲ್ಲಿ ಇಲ್ಲದ್ದು ಪ್ಯಾರಾದಲ್ಲಿ ಸಿಕ್ಕಿದರೆ ಅದು ಎಂಜಿನಿಯರ ಉತ್ತರದಿಂದ ಬಂದದ್ದೋ, ತಿದ್ದುವವರ ಊಹೆಯೋ ಎಂದು ನೋಡಬೇಕು. ತಿದ್ದಿದವರೇ ಇದನ್ನು ಮಾಡಿದರೆ ತಲೆಯಲ್ಲಿರುವುದನ್ನೇ ಹಾಳೆಯಲ್ಲೂ ಕಾಣುತ್ತಾರೆ, ಆದ್ದರಿಂದ ಓದುವವರು ಬೇರೆಯವರಾಗಿರುವುದು ಲೇಸು.

ಕೊನೆಗೆ ಮೀಟರ್‌ನ ವಿಚಾರ. ಕರ್ನಾಟಕದಲ್ಲಿ ಬೋರ್‌ವೆಲ್‌ನ ಆಳವನ್ನು ಅಡಿಯಲ್ಲಿ ಹೇಳುವುದೇ ರೂಢಿ, ಹಾಗಾಗಿ ಅಡಿಯ ಲೆಕ್ಕವನ್ನೂ ಕೊಡೋಣ ಎಂಬ ಸಲಹೆ ಬರುವುದು ಸಹಜ. ಎಂಜಿನಿಯರು ಒಪ್ಪಿದರೆ ಮೀಟರನ್ನು ಹಾಗೇ ಇಟ್ಟು ಅಡಿಯನ್ನು ಪಕ್ಕದಲ್ಲಿ ಸೇರಿಸಬಹುದು. 3 ಮೀಟರ್ ಎಂದರೆ 9.84 ಅಡಿ, ಅದನ್ನು 10 ಅಡಿ ಎಂದರೆ ತೊಂದರೆಯಿಲ್ಲ, ಕನಿಷ್ಠ ಅಳತೆಗಿಂತ ತುಸು ಹೆಚ್ಚೇ ಆಯಿತು. ಆದರೆ 1 ಮೀಟರ್ ಎಂದರೆ 3.28 ಅಡಿ. ಅದನ್ನು ರೂಢಿಯಂತೆ 3 ಅಡಿ ಎಂದು ಬರೆದರೆ ಪಂಪ್ ಮುಳುಗಬೇಕಾದ ಆಳದಲ್ಲಿ ಸುಮಾರು ಮೂರೂಕಾಲು ಇಂಚು ಕಡಿಮೆಯಾಗುತ್ತದೆ. ಅಲ್ಲಿ ಮೂರೂವರೆ ಅಡಿ ಎಂದೇ ಬರೆಯಬೇಕು.