ಹಣ ಬಂತು, ಸುದ್ದಿ ಬರಲಿಲ್ಲ

ಗ್ರಾಹಕರೊಬ್ಬರು ಆನ್‌ಲೈನ್ ಅಂಗಡಿಯಲ್ಲಿ ಸೀರೆ ಆರಿಸಿ ಯುಪಿಐ ಮೂಲಕ ಹಣ ಕಟ್ಟುತ್ತಾರೆ. ಖಾತೆಯಿಂದ ದುಡ್ಡು ಹೋಗಿದೆ ಎಂದು ಬ್ಯಾಂಕಿನ ಎಸ್‌ಎಂಎಸ್ ಬರುತ್ತದೆ. ಅಂಗಡಿಯ ವೆಬ್‌ಸೈಟ್ ಮಾತ್ರ ‘ಪಾವತಿ ಬಾಕಿ ಇದೆ’ ಎಂದೇ ತೋರಿಸುತ್ತದೆ. ಇಂಥ ದೂರು ಬಂದಾಗಲೆಲ್ಲ ತಪ್ಪು ಬ್ಯಾಂಕಿನದೇ ಆಗಿರುವುದಿಲ್ಲ. ಎಷ್ಟೋ ಸಲ ಹಣ ಸರಿಯಾಗಿಯೇ ಸಂದಾಯವಾಗಿರುತ್ತದೆ; ‘ಹಣ ಬಂತು’ ಎಂಬ ಸುದ್ದಿ ಪೇಮೆಂಟ್ ಕಂಪನಿಯ ಸರ್ವರಿನಿಂದ ಅಂಗಡಿಯ ಸರ್ವರಿಗೆ ಮುಟ್ಟಿರುವುದಿಲ್ಲ, ಅಷ್ಟೇ.

ಈ ಸುದ್ದಿ ಮುಟ್ಟಿಸುವ ವ್ಯವಸ್ಥೆಯೇ ವೆಬ್‌ಹುಕ್. ಅಂಗಡಿಯವರು ತಮ್ಮ ಸರ್ವರಿನ ಒಂದು ವಿಳಾಸವನ್ನು ಪೇಮೆಂಟ್ ಕಂಪನಿಗೆ ಮೊದಲೇ ಕೊಟ್ಟಿರುತ್ತಾರೆ. ಹಣ ಬಂದಾಗ, ಪಾವತಿ ವಿಫಲವಾದಾಗ, ಮರುಪಾವತಿ ಆದಾಗ ಕಂಪನಿ ಆ ವಿಳಾಸಕ್ಕೆ ತಾನಾಗಿಯೇ ಒಂದು ಸಂದೇಶ ಕಳಿಸುತ್ತದೆ. ಇದು ಹಿಂದಿನ ರಿಜಿಸ್ಟರ್ಡ್ ಅಂಚೆ ಇದ್ದ ಹಾಗೆ: ಕಾಗದ ಒಯ್ದರಷ್ಟೇ ಸಾಲದು, ಪಡೆದವರ ಸಹಿಯೂ ಬೇಕಿತ್ತು. ಇಲ್ಲಿ ಆ ಸಹಿಯ ಕೆಲಸ ಮಾಡುವುದು 200ರಿಂದ 299ರವರೆಗಿನ ಒಂದು ಉತ್ತರ ಸಂಖ್ಯೆ. ಅದು ನಿಗದಿತ ಸಮಯದೊಳಗೆ ಬಾರದಿದ್ದರೆ ಸಂದೇಶ ತಲುಪಿಲ್ಲವೆಂದೇ ಲೆಕ್ಕ.

ತಲುಪದಿದ್ದರೆ ಮುಂದೇನು ಎಂಬುದಕ್ಕೆ ಒಂದೊಂದು ಕಂಪನಿಯದು ಒಂದೊಂದು ನಿಯಮ. ಬೆಂಗಳೂರಿನ ರೇಜರ್‌ಪೇ 5 ಸೆಕೆಂಡಿನೊಳಗೆ ಉತ್ತರ ಬಯಸುತ್ತದೆ. ಬಾರದಿದ್ದರೆ ಅಂತರ ಹೆಚ್ಚಿಸುತ್ತ 24 ಗಂಟೆ ಮತ್ತೆ ಮತ್ತೆ ಕಳಿಸುತ್ತದೆ. ಅಷ್ಟರಲ್ಲೂ ಸರಿಹೋಗದಿದ್ದರೆ ಆ ವೆಬ್‌ಹುಕ್ಕನ್ನೇ ನಿಲ್ಲಿಸಿಬಿಡುತ್ತದೆ. ಅಂಗಡಿಯವರು ದೋಷ ಸರಿಪಡಿಸಿ, ತಾವೇ ಹೋಗಿ ಅದನ್ನು ಮತ್ತೆ ಚಾಲೂ ಮಾಡಬೇಕು. ಅಮೆರಿಕದ ಸ್ಟ್ರೈಪ್ ಮೂರು ದಿನಗಳವರೆಗೆ ಪ್ರಯತ್ನಿಸುತ್ತದೆ. ಗಿಟ್‌ಹಬ್ ತಾನಾಗಿ ಮತ್ತೆ ಕಳಿಸುವುದೇ ಇಲ್ಲ. ಬೇಕಾದವರು ಕಳೆದ ಮೂರು ದಿನಗಳ ಸಂದೇಶಗಳನ್ನು ಕೇಳಿ ಮತ್ತೆ ತರಿಸಿಕೊಳ್ಳಬಹುದು.

ಕಳಿಸುವ ಕಂಪನಿಯ ಎಂಜಿನಿಯರುಗಳಿಗೆ ಇಲ್ಲಿ ನಿಜವಾಗಿ ಕಷ್ಟದ ಪ್ರಶ್ನೆ ಮರುಯತ್ನದ್ದಲ್ಲ. ಪಡೆಯುವ ತಂಡಕ್ಕೆ ಯಾವಾಗ ಎಚ್ಚರಿಕೆ ಕೊಡಬೇಕು ಎಂಬುದು. ಪ್ರತಿ ವೈಫಲ್ಯಕ್ಕೂ ಮೇಲ್ ಕಳಿಸಿದರೆ ವಾರದೊಳಗೆ ಆ ಮೇಲ್‌ಗಳನ್ನು ಯಾರೂ ತೆರೆಯುವುದಿಲ್ಲ. ಮರುಯತ್ನಗಳೆಲ್ಲ ಮುಗಿಯಲಿ ಎಂದು ಕಾದರೆ, ಹೇಳುವ ಹೊತ್ತಿಗೆ ಸಂದೇಶ ಕೈತಪ್ಪಿರುತ್ತದೆ.

ಮರುಯತ್ನದ ಒಂದು ವೇಳಾಪಟ್ಟಿಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ವೆಬ್‌ಹುಕ್ ಕಳಿಸುವುದನ್ನೇ ಕಸುಬಾಗಿಸಿಕೊಂಡಿರುವ ಸ್ವಿಕ್ಸ್ ಎಂಬ ಕಂಪನಿ ಪ್ರಕಟಿಸಿರುವ ಕ್ರಮ ಹೀಗಿದೆ: ಮೊದಲು ತಕ್ಷಣ, ಅದು ಸೋತರೆ 5 ಸೆಕೆಂಡಿಗೆ, ಆಮೇಲೆ 5 ನಿಮಿಷಕ್ಕೆ, 30 ನಿಮಿಷಕ್ಕೆ, 2 ಗಂಟೆಗೆ, 5 ಗಂಟೆಗೆ, ಕೊನೆಗೆ ಹತ್ತು ಹತ್ತು ಗಂಟೆಗಳ ಅಂತರದಲ್ಲಿ ಎರಡು ಸಲ. ಒಟ್ಟು ಎಂಟು ಯತ್ನ, ಸುಮಾರು ಇಪ್ಪತ್ತೇಳೂವರೆ ಗಂಟೆ.

ಈ ಕ್ರಮವನ್ನು ಆ ಸೀರೆ ಅಂಗಡಿಗೆ ಅನ್ವಯಿಸಿ ನೋಡೋಣ. ಬೆಳಿಗ್ಗೆ 11 ಗಂಟೆಗೆ ಅಂಗಡಿಯ ತಂತ್ರಜ್ಞರು ಹೊಸ ಆವೃತ್ತಿ ಹಾಕುತ್ತಾರೆ. ಸರ್ವರ್ ನಾಲ್ಕು ನಿಮಿಷ ನಿಂತಿರುತ್ತದೆ. ಸರಿಯಾಗಿ 11ಕ್ಕೆ ಬಂದ ಸಂದೇಶಕ್ಕೆ 502 ಎಂಬ ಉತ್ತರ ಸಿಗುತ್ತದೆ, ಅಂದರೆ ಒಳಗಿನ ಸರ್ವರ್ ಸರಿಯಾಗಿ ಸ್ಪಂದಿಸುತ್ತಿಲ್ಲ. ಐದು ಸೆಕೆಂಡ್ ಬಿಟ್ಟು ಬಂದದ್ದಕ್ಕೂ ಅದೇ ಉತ್ತರ. 11 ಗಂಟೆ 5 ನಿಮಿಷ 5 ಸೆಕೆಂಡಿನ ಯತ್ನಕ್ಕೆ 200 ಬರುತ್ತದೆ. ಎರಡು ವೈಫಲ್ಯ ದಾಖಲಾದವು, ನಷ್ಟ ಏನೂ ಆಗಲಿಲ್ಲ. ಇಲ್ಲಿ ಯಾರಿಗೂ ಎಚ್ಚರಿಕೆ ಬೇಕಿಲ್ಲ. ಮರುಯತ್ನ ಇರುವುದೇ ಇದಕ್ಕಾಗಿ.

ಇನ್ನೊಂದು ರಾತ್ರಿ 2 ಗಂಟೆ 10 ನಿಮಿಷಕ್ಕೆ, ವೆಬ್‌ಹುಕ್ ಬರುವ ಉಪವಿಳಾಸದ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ ಎಂದುಕೊಳ್ಳಿ. ಅಂಗಡಿಯ ಮುಖ್ಯ ವಿಳಾಸದ ಸರ್ಟಿಫಿಕೇಟ್ ಬೇರೆ, ಅದು ಚೆನ್ನಾಗಿಯೇ ಇದೆ. ಹಾಗಾಗಿ ಗ್ರಾಹಕರಿಗೆ ಏನೂ ಕಾಣುವುದಿಲ್ಲ, ಆರ್ಡರುಗಳು ಬರುತ್ತಲೇ ಇವೆ. 2.15ರ ಪಾವತಿಯ ಸಂದೇಶ ವಿಫಲವಾಗುತ್ತದೆ. 2.20ಕ್ಕೆ, 2.50ಕ್ಕೆ, 4.50ಕ್ಕೆ, 9.50ಕ್ಕೆ ಮತ್ತೆ ಸೋಲುತ್ತದೆ. ಹತ್ತು ಗಂಟೆಗೆ ಅಂಗಡಿಗೆ ದೂರುಗಳ ಫೋನ್ ಶುರುವಾಗಿ, ಹತ್ತೂವರೆಗೆ ತಂತ್ರಜ್ಞರು ಸರ್ಟಿಫಿಕೇಟ್ ನವೀಕರಿಸುತ್ತಾರೆ. ಆದರೂ 2.15ರ ಸಂದೇಶ ಆಗಲೇ ಬರುವುದಿಲ್ಲ. ಅದರ ಮುಂದಿನ ಸರದಿ ಇರುವುದು ರಾತ್ರಿ 7.50ಕ್ಕೆ. ದೋಷ ಸರಿಹೋದ ಮೇಲೂ ಒಂಬತ್ತು ಗಂಟೆಗೂ ಮೀರಿ ಕಾಯಬೇಕು. ಅಂತರ ಹೆಚ್ಚಿಸುತ್ತ ಹೋಗುವ ಕ್ರಮದಲ್ಲಿ ತಡವಾಗಿ ಎಚ್ಚರಿಸಿದಷ್ಟೂ ನಷ್ಟ ದುಪ್ಪಟ್ಟಾಗುವುದು ಹೀಗೆ.

ಈ ಎರಡು ಪ್ರಸಂಗಗಳ ನಡುವಿನ ವ್ಯತ್ಯಾಸ ವೈಫಲ್ಯದ ಸಂಖ್ಯೆಯಲ್ಲಿಲ್ಲ, ಬಗೆಯಲ್ಲಿದೆ. 502, 503, ಟೈಮ್‌ಔಟ್ ಇವು ಕಾದರೆ ಸರಿಹೋಗುವ ಸಾಧ್ಯತೆ ಇರುವಂಥವು. 429 ಬಂದರೆ ‘ನಿಧಾನವಾಗಿ ಕಳಿಸಿ’ ಎಂದು ಅರ್ಥ. ಕಳಿಸುವವರು ವೇಗ ತಗ್ಗಿಸಬೇಕು. ಅವಧಿ ಮುಗಿದ ಸರ್ಟಿಫಿಕೇಟ್, ಗುರುತು ಒಪ್ಪದ 401, ವಿಳಾಸವೇ ಇಲ್ಲವೆನ್ನುವ 404 ಇವು ಸಾಮಾನ್ಯವಾಗಿ ಮನುಷ್ಯರು ಕೈಹಾಕದೆ ಸರಿಹೋಗುವುದಿಲ್ಲ. ಮೊದಲ ಗುಂಪಿಗೆ ಅರ್ಧ ಗಂಟೆ ತಾಳಬಹುದು. ಕೊನೆಯ ಗುಂಪಿನಲ್ಲಿ ಬೇರೆ ಬೇರೆ ಎರಡು ಮೂರು ಸಂದೇಶಗಳಿಗೆ ಒಂದೇ ದೋಷ ಕಂಡರೆ ಕಾಯುವುದರಿಂದ ಏನೂ ಸಿಗುವುದಿಲ್ಲ, ಆಗಲೇ ಹೇಳಬೇಕು.

ಎಣಿಸುವ ವಿಧಾನದಲ್ಲೂ ಎಡವುವುದು ಸುಲಭ. ‘ಸತತ ಹತ್ತು ವೈಫಲ್ಯ ಆದರೆ ಎಚ್ಚರಿಸು’ ಎಂಬ ನಿಯಮ ಕೇಳಲು ಸರಿಯಾಗಿಯೇ ಇದೆ. ಆದರೆ ನಡುವೆ ಒಂದು ಸಂದೇಶ ತಲುಪಿದರೂ ಲೆಕ್ಕ ಸೊನ್ನೆಗೆ ಮರಳುತ್ತದೆ. ಆ ಅಂಗಡಿಯ ಸರ್ವರ್, ಸಂದೇಶ ಬಂದಾಗ ಮೊದಲು ಬಿಲ್ ತಯಾರಿಸಿ, ಎಸ್‌ಎಂಎಸ್ ಕಳಿಸಿ, ಆಮೇಲೆ 200 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಸೀರೆಯ ಆರ್ಡರ್ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಮದುವೆ ಮನೆಯವರ ನಲವತ್ತು ಸೀರೆಗಳ ಆರ್ಡರಿಗೆ ಐದು ಸೆಕೆಂಡ್ ಸಾಲುವುದಿಲ್ಲ. ಸಣ್ಣ ಆರ್ಡರುಗಳು ಹೋಗುತ್ತಲೇ ಇರುತ್ತವೆ, ಸತತ ಹತ್ತು ಎಂಬುದು ಎಂದೂ ಆಗುವುದಿಲ್ಲ, ದೊಡ್ಡ ಆರ್ಡರ್ ಮಾತ್ರ ಪ್ರತಿ ಯತ್ನದಲ್ಲೂ ಸೋಲುತ್ತದೆ. ಜೊತೆಗೆ ಗ್ರಾಹಕರಿಗೆ ಪ್ರತಿ ಯತ್ನಕ್ಕೊಂದರಂತೆ ಎಸ್‌ಎಂಎಸ್ ಹೋಗುತ್ತದೆ, ಏಕೆಂದರೆ ಕೆಲಸ ಪ್ರತಿ ಸಲವೂ ನಡೆದಿದೆ, ಉತ್ತರ ಮಾತ್ರ ತಡವಾಗಿದೆ.

ಶೇಕಡಾ ಲೆಕ್ಕವೂ ದಾರಿ ತಪ್ಪಿಸುತ್ತದೆ. 100 ಸಂದೇಶಗಳಲ್ಲಿ 90 ಮೊದಲ ಯತ್ನಕ್ಕೇ ತಲುಪಿದವು, ಉಳಿದ 10 ನಾಲ್ಕು ನಾಲ್ಕು ಸಲ ಸೋತವು ಎನ್ನೋಣ. ಒಟ್ಟು ಯತ್ನ 130, ಅದರಲ್ಲಿ ಸೋತವು 40. ಫಲಕದ ಮೇಲೆ ಸುಮಾರು ಶೇ 31ರ ವೈಫಲ್ಯ ಕಾಣುತ್ತದೆ, ಆದರೆ ತಲುಪದ ಸಂದೇಶಗಳು ಶೇ 10 ಮಾತ್ರ. ದಿನಕ್ಕೆ ಒಂದೋ ಎರಡೋ ಸಂದೇಶ ಪಡೆಯುವ ಸಣ್ಣ ಅಂಗಡಿಗಂತೂ ಶೇಕಡಾ ಎಂಬುದಕ್ಕೆ ಅರ್ಥವೇ ಇಲ್ಲ.

ಹೆಚ್ಚು ನಂಬಬಹುದಾದ ಅಳತೆ ಒಂದಿದೆ: ಇನ್ನೂ ತಲುಪದ ಸಂದೇಶಗಳಲ್ಲಿ ಅತ್ಯಂತ ಹಳೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ? ದಿನಕ್ಕೆ ಒಂದು ಸಂದೇಶ ಬರುವಲ್ಲೂ ಲಕ್ಷ ಬರುವಲ್ಲೂ ಈ ಪ್ರಶ್ನೆಯ ಅರ್ಥ ಬದಲಾಗುವುದಿಲ್ಲ. ನಡುವೆ ತಲುಪಿದ ಸಂದೇಶಗಳು ಇದನ್ನು ಮರೆಮಾಚಲಾರವು. ಪ್ರತಿ ಸಂದೇಶಕ್ಕೂ ಅದು ಹುಟ್ಟಿದ ಸಮಯ, ತಲುಪಿದ ಸಮಯ ಬರೆದಿಟ್ಟಿದ್ದರೆ ಡೇಟಾಬೇಸನ್ನು ಹೀಗೆ ಕೇಳಿದರೆ ಸಾಕು:

```sql
SELECT endpoint_id,
       COUNT(*) AS pending,
       MIN(created_at) AS oldest
FROM   deliveries
WHERE  delivered_at IS NULL
GROUP  BY endpoint_id;
```

ಪ್ರತಿ ವಿಳಾಸಕ್ಕೆ ಎಷ್ಟು ಸಂದೇಶ ಬಾಕಿ, ಹಳೆಯದು ಯಾವಾಗಿನದು ಎಂಬುದು ಒಂದೊಂದು ಸಾಲಿನಲ್ಲಿ ಸಿಗುತ್ತದೆ. ಯತ್ನಗಳಿಗೆ ಬೇರೆಯೇ ಒಂದು ಪಟ್ಟಿ ಇಡುವುದು ವಾಡಿಕೆ. ಎಷ್ಟನೆಯ ಯತ್ನ, ಯಾವ ಉತ್ತರ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಮುಂದಿನ ಯತ್ನ ಯಾವಾಗ ಎಂಬುದು ಅದರಲ್ಲಿರುತ್ತದೆ. ಮದುವೆ ಆರ್ಡರಿನ ಗುಟ್ಟು ಬಯಲಾಗುವುದು ಈ ಪಟ್ಟಿಯಲ್ಲೇ: ಸೋತ ಯತ್ನಗಳೆಲ್ಲ 5,000 ಮಿಲಿಸೆಕೆಂಡಿಗೆ ಬಂದು ನಿಂತಿರುತ್ತವೆ.

ಇನ್ನು ಉಳಿಯುವುದು ಮಿತಿ ಎಷ್ಟಿರಬೇಕು ಎಂಬ ಪ್ರಶ್ನೆ. ಇದನ್ನು ಹಿಂದುಮುಂದಾಗಿ ಲೆಕ್ಕ ಹಾಕಬೇಕು. ಮರುಯತ್ನ 24 ಗಂಟೆಗೆ ನಿಲ್ಲುತ್ತದೆ ಎಂದಾದರೆ, ಅದಕ್ಕೆ ಮೊದಲು ಒಬ್ಬರು ಎಚ್ಚರಿಕೆ ನೋಡಿ, ಕಾರಣ ಹುಡುಕಿ, ಸರಿಪಡಿಸಲು ಎಷ್ಟು ಹೊತ್ತು ಬೇಕು? ಶನಿವಾರ ರಾತ್ರಿ 9ಕ್ಕೆ ದೋಷ ಶುರುವಾದರೆ ಭಾನುವಾರ ರಾತ್ರಿ 9ಕ್ಕೆ ಬಾಗಿಲು ಮುಚ್ಚುತ್ತದೆ. ಸೋಮವಾರ ಬೆಳಿಗ್ಗೆ ಮೇಲ್ ನೋಡುವ ತಂಡಕ್ಕೆ ಮೇಲ್ ಯಾವ ಗಂಟೆಗೆ ಹೋದರೂ ಒಂದೇ. ಹಾಗಾಗಿ ಹಳೆಯ ಸಂದೇಶ ಅರ್ಧ ಗಂಟೆ ದಾಟಿದರೆ ಮೇಲ್ ಹಾಕಿ, ಎರಡು ಗಂಟೆ ದಾಟಿಯೂ ಯಾವುದೂ ತಲುಪುತ್ತಿಲ್ಲವಾದರೆ ಮೊಬೈಲಿಗೆ ಕರೆ ಮಾಡುವಂತೆ ಎರಡು ಹಂತ ಇಡುವುದು ಒಳ್ಳೆಯದು. ಪಾವತಿಯ ಸಂದೇಶಕ್ಕೆ ಈ ಬಿಗಿ ಬೇಕು. ಮಾಸಿಕ ವರದಿ ಸಿದ್ಧವಾಗಿದೆ ಎಂಬ ಸಂದೇಶಕ್ಕಾಗಿ ಯಾರನ್ನೂ ನಿದ್ದೆಯಿಂದ ಎಬ್ಬಿಸಬೇಕಿಲ್ಲ.

ಎಚ್ಚರಿಕೆ ವಿಳಾಸಕ್ಕೊಂದು ಇರಬೇಕು, ಸಂದೇಶಕ್ಕೊಂದಲ್ಲ. ಅದನ್ನು ಓದಿದವರು ಬೇರೆಲ್ಲೂ ಹುಡುಕದೆ ಕೆಲಸ ಶುರುಮಾಡುವಂತಿರಬೇಕು: ‘ನಿಮ್ಮ ಪಾವತಿ ವಿಳಾಸಕ್ಕೆ ರಾತ್ರಿ 2.15ರಿಂದ ಯಾವ ಸಂದೇಶವೂ ತಲುಪಿಲ್ಲ. ಕಾರಣ: ಸರ್ಟಿಫಿಕೇಟಿನ ಅವಧಿ 2.10ಕ್ಕೆ ಮುಗಿದಿದೆ. ಬಾಕಿ 14 ಸಂದೇಶ. ಮುಂದಿನ ಯತ್ನ 4.50ಕ್ಕೆ.’ ಸರಿಹೋದ ಮೇಲೆ ‘ಬಾಕಿ ಸಂದೇಶಗಳೆಲ್ಲ ತಲುಪಿವೆ’ ಎಂಬ ಇನ್ನೊಂದು ಮಾತೂ ಹೋಗಬೇಕು. ಇಲ್ಲದಿದ್ದರೆ ತಂಡದಲ್ಲಿ ಒಬ್ಬರಲ್ಲ ಒಬ್ಬರು ಅದನ್ನೇ ಪರೀಕ್ಷಿಸುತ್ತ ಕೂರುತ್ತಾರೆ. ವಿಳಾಸ ಚೇತರಿಸಿಕೊಂಡದ್ದು ಕಂಡಕೂಡಲೇ ಕಳಿಸುವವರು ರಾತ್ರಿ 7.50ಕ್ಕೆ ಕಾಯದೆ ಬಾಕಿಯನ್ನು ರವಾನಿಸುವುದೂ ಉತ್ತಮ. ಆದರೆ ಒಟ್ಟಿಗೆ ಸುರಿಯಬಾರದು. ಆಗಷ್ಟೇ ಎದ್ದ ಸರ್ವರ್ ಆ ಹೊರೆಗೆ ಮತ್ತೆ ಮಲಗಿಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಬಿಡಬೇಕು.

ಪಡೆಯುವ ಕಡೆಯಲ್ಲಿ ಮಾಡಬೇಕಾದದ್ದು ಮೂರು ಕೆಲಸ. ಸಂದೇಶ ಬಂದಕೂಡಲೇ ಸಹಿ ಪರಿಶೀಲಿಸಿ, ಬರೆದಿಟ್ಟುಕೊಂಡು, 200 ಎನ್ನಬೇಕು. ಬಿಲ್ಲು, ಎಸ್‌ಎಂಎಸ್ ಎಲ್ಲ ಆಮೇಲೆ. ಒಂದೇ ಸಂದೇಶ ಎರಡು ಸಲ ಬಂದರೆ ಗುರುತಿಸಬೇಕು. ರೇಜರ್‌ಪೇ ಸಂದೇಶದಲ್ಲಿ ಇದಕ್ಕೆಂದೇ `x-razorpay-event-id` ಎಂಬ ಗುರುತು ಇರುತ್ತದೆ. ಮೂರನೆಯದಾಗಿ, ವೆಬ್‌ಹುಕ್ಕನ್ನಷ್ಟೇ ನೆಚ್ಚಿಕೊಳ್ಳದೆ ದಿನಕ್ಕೊಮ್ಮೆ ಪೇಮೆಂಟ್ ಕಂಪನಿಯ ಪಾವತಿ ಪಟ್ಟಿಯನ್ನು ತರಿಸಿ ತಮ್ಮ ಆರ್ಡರುಗಳೊಂದಿಗೆ ತಾಳೆ ನೋಡಬೇಕು. ಮರುಯತ್ನದ ಅವಧಿ ಮೀರಿ ಕಳೆದುಹೋದ ಸಂದೇಶ ಕೊನೆಗೆ ಪತ್ತೆಯಾಗುವುದು ಆ ತಾಳೆಯಲ್ಲೇ.

ಎಚ್ಚರಿಕೆ ಹೋಗುವ ವಿಳಾಸವನ್ನೂ ಆಗಾಗ ನೋಡಬೇಕಾಗುತ್ತದೆ. ವೆಬ್‌ಹುಕ್ ಜೋಡಿಸಿದ ದಿನ ಒಬ್ಬ ಡೆವಲಪರ್ ತಮ್ಮ ಮೇಲ್ ಐಡಿ ತುಂಬಿರುತ್ತಾರೆ. ಅವರು ಕೆಲಸ ಬಿಟ್ಟ ಮೇಲೂ ಐಡಿ ಅಲ್ಲೇ ಇರುತ್ತದೆ. ಅದರ ಬದಲು ಇಡೀ ತಂಡಕ್ಕೆ ತಲುಪುವ ಒಂದು ಸಾಮಾನ್ಯ ವಿಳಾಸ ಕೊಟ್ಟು, ಮೂರು ತಿಂಗಳಿಗೊಮ್ಮೆ ಪರೀಕ್ಷಾ ಖಾತೆಯ ವೆಬ್‌ಹುಕ್ ವಿಳಾಸವನ್ನು ಬೇಕೆಂದೇ ಕೆಡಿಸಿ, ಎಚ್ಚರಿಕೆ ಯಾರ ಮೊಬೈಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿದರೆ ಈ ಇಡೀ ಸರಪಳಿ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಗೊತ್ತಾಗುತ್ತದೆ.