ನಿಮಗಿದು ಗೊತ್ತೇ? ಟವರ್ ಫುಲ್, ನೆಟ್ ನಿಲ್!

ಪರದೆಯ ಮೂಲೆಯಲ್ಲಿ 5G ಎಂದು ಕಂಡ ಮಾತ್ರಕ್ಕೆ ನಿಮ್ಮ ಫೋನು 5ಜಿಯಲ್ಲೇ ಓಡುತ್ತಿದೆ ಎಂದೇನೂ ಇಲ್ಲ, ಗೊತ್ತೇ? ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಆಗ ಏರ್‌ಟೆಲ್ ಆರಿಸಿಕೊಂಡ ಬಗೆಗೆ 4ಜಿಯೇ ತಳಪಾಯ. ಫೋನು ಮೊದಲು 4ಜಿ ಟವರನ್ನು ಹಿಡಿಯುತ್ತದೆ, ಅದರ ಮೇಲೆ 5ಜಿಯನ್ನು ಜೋಡಿಸಿಕೊಳ್ಳುತ್ತದೆ. ‘ನನ್ನ ಹತ್ತಿರ 5ಜಿಯೂ ಇದೆ’ ಎಂದು ಆ 4ಜಿ ಟವರು ಸಾರಿದರೆ ಸಾಕು, ಎಷ್ಟೋ ಫೋನುಗಳು ಜೋಡಣೆ ಆಗುವ ಮೊದಲೇ 5G ಎಂದು ತೋರಿಸಿಬಿಡುತ್ತವೆ. ಜಿಯೋ ಆರಿಸಿಕೊಂಡದ್ದು 4ಜಿಯ ಹಂಗಿಲ್ಲದೆ ತಾನೇ ನಿಲ್ಲುವ 5ಜಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರ ಮಾಮೂಲಿ ದೂರು ‘ಟವರ್ ಫುಲ್ ಇದೆ, ನೆಟ್ ಬರ್ತಿಲ್ಲ’ ಎನ್ನುವುದು. ಇದರಲ್ಲಿ ವಿರೋಧಾಭಾಸವೇ ಇಲ್ಲ! ಆ ಕಡ್ಡಿಗಳು ಅಳೆಯುವುದು ಟವರಿನ ಸಿಗ್ನಲ್ ಫೋನಿಗೆ ಎಷ್ಟು ಚೆನ್ನಾಗಿ ತಲುಪುತ್ತಿದೆ ಎಂಬುದನ್ನು ಮಾತ್ರ. ಫೋನಿನ ಸಿಗ್ನಲ್ ಟವರಿಗೆ ತಲುಪಿತೇ ಎಂಬುದಕ್ಕೆ ಪರದೆಯಲ್ಲಿ ಯಾವ ಗುರುತೂ ಇಲ್ಲ. ಪೇಟೆಯ 5ಜಿ ಟವರಿನ ರೇಡಿಯೊ 200 ವಾಟಿನ ಆಸುಪಾಸಿನದು. ನಿಮ್ಮ ಫೋನು ಹೊರಡಿಸುವುದು ಸಾಮಾನ್ಯವಾಗಿ 0.2 ವಾಟ್. ಸಾಲದ್ದಕ್ಕೆ ಪೇಟೆಗಳಲ್ಲಿ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಆಚಿನ 5ಜಿಯಲ್ಲಿ ಟವರೂ ಫೋನೂ ಒಂದೇ ತರಂಗವನ್ನು ಸರದಿಯ ಮೇಲೆ ಬಳಸುತ್ತವೆ, ಸರದಿಯ ಬಹುಪಾಲು ಟವರಿನದೇ. ಹೀಗಾಗಿ ಊರ ಹೊರಗೆ ಬಂದಂತೆ ಮೊದಲು ಕಡಿದುಹೋಗುವುದು ಫೋನಿನಿಂದ ಟವರಿಗೆ ಹೋಗುವ ದಾರಿ. ವಿಡಿಯೊ ನೋಡುವುದಾದರೂ ಸರಿ, ‘ಬಂತು, ಮುಂದಿನದು ಕಳಿಸು’ ಎಂದು ಫೋನು ಹೇಳುತ್ತಲೇ ಇರಬೇಕು. ಅದು ತಲುಪದಿದ್ದರೆ ಐದು ಕಡ್ಡಿ ಇದ್ದರೂ ಚಕ್ರ ಸುತ್ತುತ್ತಲೇ ಇರುತ್ತದೆ.

ಕಾಲ್ ಮಾತ್ರ ಏಕೆ ಸಲೀಸಾಗಿ ಹೋಗುತ್ತದೆ? 4ಜಿ ತಳಪಾಯದ ಬಗೆಯಲ್ಲಿ ಮಾತು ಸಾಗುವುದು 4ಜಿಯಲ್ಲೇ, ಅದಕ್ಕೆ.

3500 ಮೆಗಾಹರ್ಟ್ಸ್ ಎಂದರೆ 700ರ ಐದು ಪಟ್ಟು. ಅಷ್ಟೇ ದೂರಕ್ಕೆ, ಅದೇ ಬಗೆಯ ಆಂಟೆನಾಕ್ಕೆ, ಬಯಲಿನಲ್ಲಿಯೇ ಅದು 25 ಪಟ್ಟು ಕ್ಷೀಣವಾಗಿ ತಲುಪುತ್ತದೆ. ತೆಂಗಿನ ತೋಟ, ಹೊಗೆಸೊಪ್ಪಿನ ಬ್ಯಾರನ್ ಗೋಡೆ, ಮಳೆಗೆ ತೊಯ್ದ ಎಲೆ ಇವೆಲ್ಲ ತಿನ್ನುವುದು ಅದರ ಮೇಲೆ. 2022ರ ಹರಾಜಿನಲ್ಲಿ ದೂರ ಹೋಗುವ 700ರ ತರಂಗವನ್ನು ಕೊಂಡದ್ದು ಜಿಯೋ ಒಂದೇ. ಹಾಗೆಂದು ಅದಕ್ಕೂ ಅಂಚು ಇಲ್ಲದಿಲ್ಲ. ಅಂಚಿನಲ್ಲಿ ಫೋನು 4ಜಿಗೆ ಇಳಿಯದೆ ಕೊನೇ ಎಳೆಯನ್ನೇ ಜಗ್ಗಿಕೊಂಡು ಕೂರುವುದುಂಟು.

ಒಂದು ನಿದರ್ಶನ ನೋಡಿ. ಹುಣಸೂರು ಬಿಟ್ಟು ಎಚ್.ಡಿ. ಕೋಟೆ ರಸ್ತೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಅಂತಿಟ್ಟುಕೊಳ್ಳಿ. ಟೀ ಕುಡಿದು ಸ್ಕ್ಯಾನ್ ಮಾಡಿದಿರಿ, ಪಿನ್ ಒತ್ತಿದಿರಿ, ಚಕ್ರ ನಿಲ್ಲದು. ಒಳಗೆ ನಡೆಯುತ್ತಿರುವುದು ಇಷ್ಟು. ‘5ಜಿ ಎಷ್ಟು ಕೇಳಿಸುತ್ತಿದೆ?’ ಎಂದು 4ಜಿ ಟವರು ಫೋನನ್ನು ಕೇಳಿತು. ಚೆನ್ನಾಗಿಯೇ ಕೇಳುತ್ತಿದೆ ಎಂದಿತು ಫೋನು. ಟವರು 5ಜಿಯನ್ನು ಜೋಡಿಸಿ ಡೇಟಾವನ್ನು ಆ ಕಡೆ ತಿರುಗಿಸಿತು. ಫೋನಿನ ಉತ್ತರ ಅಲ್ಲಿಗೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕಾದು, ಸೋತೆ ಎಂದು 4ಜಿಗೆ ವರದಿ ಮಾಡಿತು, ಜೋಡಣೆ ಕಳಚಿತು. ಕೆಲವೇ ಸೆಕೆಂಡಿನಲ್ಲಿ ಟವರು ಮತ್ತೆ ಅದೇ ಪ್ರಶ್ನೆ ಕೇಳಿತು, ಫೋನು ಮತ್ತೆ ಅದೇ ಉತ್ತರ ಕೊಟ್ಟಿತು! ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಒಂದು ಗಳಿಗೆ ನೆಟ್ ಬಂದು ಮತ್ತೆ ಹೋಗುವುದು ಇದೇ ಕಾರಣಕ್ಕೆ: ಹೊಸದಾಗಿ 4ಜಿ ಹಿಡಿಯುತ್ತದೆ, ಆಮೇಲೆ ಅದೇ ಸುತ್ತು. ಫೋನು ಪೂರ್ತಿ ಶಕ್ತಿ ಹಾಕಿ ಕೂಗುತ್ತಿರುವುದರಿಂದ ಬಿಸಿಯಾಗುತ್ತದೆ, ಚಾರ್ಜೂ ಬೇಗ ಇಳಿಯುತ್ತದೆ.

‘ಅಣ್ಣಾ, 4ಜಿಗೆ ಹಾಕ್ಕೊಳ್ಳಿ, ಹೋಯ್ತದೆ’ ಎನ್ನುತ್ತಾನೆ ಅಂಗಡಿಯವನು. ಅವನದು ಸರಿಯಾದ ಚಿಕಿತ್ಸೆ. ಸ್ಯಾಮ್ಸಂಗ್‌ನಲ್ಲಿ Settings, Connections, Mobile networks, Network mode ಒಳಗೆ ಹೋಗಿ LTE/3G/2G (auto connect) ಒತ್ತಬೇಕು. ಬೇರೆ ಆಂಡ್ರಾಯ್ಡ್‌ಗಳಲ್ಲಿ ಸಿಮ್‌ನ ಸೆಟ್ಟಿಂಗ್ ಒಳಗೆ Preferred network type ಎಂದಿರುತ್ತದೆ. ಐಫೋನಿನಲ್ಲಿ Voice & Data ಒಳಗೆ LTE ಅಥವಾ 4G ಆರಿಸಿ. ಎರಡು ಸಿಮ್ ಇದ್ದರೆ ಡೇಟಾ ಯಾವುದರಲ್ಲಿ ಇದೆಯೋ ಅದನ್ನೇ ಬದಲಿಸಬೇಕು. ಒಂದು ನಿಮಿಷದೊಳಗೆ ಚಿಹ್ನೆ ಬದಲಾಗುತ್ತದೆ. ಐದು ಕಡ್ಡಿ ಎರಡಕ್ಕೆ ಇಳಿದರೆ ಗಾಬರಿ ಬೇಡ. ಎರಡೇ ಕಡ್ಡಿಯಲ್ಲಿ ದುಡ್ಡು ಹೋಗುತ್ತದೆ.

ಇಳಿಯಬೇಕಾದದ್ದು ಒಂದೇ ಮೆಟ್ಟಿಲು. ‘ಹಳೇದೇ ವಾಸಿ’ ಎಂದು 3ಜಿಗೆ ಹಾಕಿದರೆ ಜಿಯೋ ಸಿಮ್‌ನಲ್ಲಿ No service ಗ್ಯಾರಂಟಿ, ಆ ಕಂಪನಿಗೆ 2ಜಿ, 3ಜಿ ಇಲ್ಲವೇ ಇಲ್ಲ. ಏರ್‌ಟೆಲ್‌ನಲ್ಲಿ 3ಜಿ ಮುಚ್ಚಿ ವರ್ಷಗಳಾದವು.

4ಜಿಗೆ ಇಳಿಸಿದರೂ ಚಕ್ರ ಸುತ್ತುತ್ತಿದ್ದರೆ? ಆಗ ರೋಗವೇ ಬೇರೆ. ಬೆಳಗಿನ ಜಾವ ಸರಿಯಿದ್ದು ಸಂಜೆ ಏಳರ ಮೇಲೆ ಮಾತ್ರ ಸತಾಯಿಸಿದರೆ ಟವರಿನ ಮೇಲೆ ಜನ ಹೆಚ್ಚು. ಅದೇ ಕಂಪನಿಯ ಅಕ್ಕಪಕ್ಕದ ಫೋನುಗಳೆಲ್ಲ ಒಟ್ಟಿಗೆ ನಿಂತಿದ್ದರೆ ಟವರಿನ ಹಿಂದಿನ ಕೇಬಲ್ ಕಡೆ ತೊಂದರೆ. ನಿಮ್ಮದೊಂದೇ ನಿಂತಿದ್ದರೆ ದಿನದ ಡೇಟಾ ಮುಗಿದಿದೆಯೇ ನೋಡಿ.

ಅಂದ ಹಾಗೆ, ಚಕ್ರ ಸುತ್ತಿತೆಂದು ಎರಡನೇ ಸಲ ಪಿನ್ ಒತ್ತುವ ಮೊದಲು ಹಿಸ್ಟರಿ ನೋಡಿ. ಖಾತೆಯಿಂದ ಹೋಗಿ ಅಂಗಡಿಗೆ ಮುಟ್ಟದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಪ್ಪಿದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ.

ಈ ಚಿಕಿತ್ಸೆಗೊಂದು ಬೆಲೆಯೂ ಇದೆ. ‘ಅನ್‌ಲಿಮಿಟೆಡ್ 5ಜಿ’ ಪ್ಲಾನ್ ಇದ್ದವರಿಗೆ ಲೆಕ್ಕವಿಲ್ಲದ್ದು 5ಜಿಯಲ್ಲಿ ಬಳಸಿದ ಡೇಟಾ ಮಾತ್ರ. 4ಜಿಗೆ ಇಳಿಸಿದ ಕ್ಷಣದಿಂದ ದಿನದ ಎರಡು ಜಿಬಿ ಕರಗತೊಡಗುತ್ತದೆ. ಊರಲ್ಲಿ 4ಜಿಗೆ ಹಾಕಿ, ಮೈಸೂರಿಗೆ ಹೋದವರು ಮರೆತು ಅಲ್ಲೂ ಹಾಗೇ ಇಟ್ಟುಕೊಂಡು ಮಧ್ಯಾಹ್ನದ ಹೊತ್ತಿಗೆ ‘ಡೇಟಾ ಖಾಲಿ’ ಮೆಸೇಜು ನೋಡುವುದು ಹೀಗೆ.

5ಜಿ ಬಂದ ಅದೇ 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದೇನು ಗೊತ್ತೇ? ನೆಟ್ ಮುಟ್ಟದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆ. ನಾಗರಹೊಳೆ ಅಂಚಿನವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮೂರು ಎಲ್ಲಿ ಬೀಳುತ್ತದೆ ಎಂದು ಮನೆಯಲ್ಲೇ ಕೂತು ನೋಡಬಹುದು. ಟ್ರಾಯ್ 2024ರಲ್ಲಿ ಮಾಡಿದ ನಿಯಮದಂತೆ ಕಂಪನಿಗಳು 2ಜಿ, 3ಜಿ, 4ಜಿ, 5ಜಿ ಯಾವುದು ಎಲ್ಲಿದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಊರನ್ನು ಹುಡುಕಿ 4ಜಿ ಬಣ್ಣ ಒಂದು ಸಲ, 5ಜಿ ಬಣ್ಣ ಒಂದು ಸಲ ನೋಡಿ. 5ಜಿ ಬಣ್ಣದ ಅಂಚು ನಿಮ್ಮ ಬೀದಿಯ ಮೇಲೇ ಹಾದಿದ್ದರೆ ಫೋನನ್ನು 4ಜಿಯಲ್ಲೇ ಇಟ್ಟುಕೊಳ್ಳಿ.