ಮಲ ತಡೆಯಲಾಗದ ತೊಂದರೆ: ನಾಚಿಕೆ ಬೇಡ, ಪರೀಕ್ಷೆ ಬೇಕು

52 ವರ್ಷದ ಆ ಗೃಹಿಣಿ ನನ್ನ ಬಳಿ ಬಂದದ್ದು ಮಂಡಿನೋವೆಂದು. ಚೀಟಿ ಬರೆದುಕೊಟ್ಟ ಮೇಲೆ ಮಗಳನ್ನು ಹೊರಗೆ ಕಳಿಸಿ, ಮೆಲ್ಲಗೆ ಹೇಳಿದರು: "ಡಾಕ್ಟರೇ, ವರ್ಷವಾಯಿತು, ಯಾವ ಮದುವೆ ಮುಂಜಿಗೂ ಹೋಗಿಲ್ಲ. ಬಸ್ಸು ಹತ್ತಲು ಭಯ. ನನಗೆ ಗೊತ್ತಾಗುವಷ್ಟರಲ್ಲಿ ಸೀರೆ ಹಾಳಾಗಿರುತ್ತದೆ."

ಮಲವನ್ನು ತಡೆಹಿಡಿಯುವ ಕೆಲಸದಲ್ಲಿ ಮುಖ್ಯವಾಗಿ ಮೂರು ಪಾಲುದಾರರಿದ್ದಾರೆ. ಗುದದ್ವಾರದ ಒಳ ಸ್ನಾಯು ನಮ್ಮ ಗಮನವಿಲ್ಲದೆಯೇ ಹಗಲೂ ರಾತ್ರಿ ಬಿಗಿಯಾಗಿರುತ್ತದೆ. ಅವಸರವಾದಾಗ ನಾವು ಬೇಕೆಂದೇ ಬಿಗಿಹಿಡಿಯುವುದು ಹೊರ ಸ್ನಾಯುವನ್ನು. ಮೂರನೆಯದು, ಗುದನಾಳಕ್ಕೆ ಮಲ ಬಂತೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳು. ಸುದ್ದಿ ತಡವಾದರೆ ಸ್ನಾಯು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಇವು ಕೆಡಲು ಕಾರಣಗಳು ಹಲವು. ಹೆಂಗಸರಲ್ಲಿ ಮುಖ್ಯವಾದದ್ದು ಕಷ್ಟದ ಹೆರಿಗೆ. ಆಗ ಹರಿದ ಸ್ನಾಯು, ಎಳೆದ ನರ ಎಷ್ಟೋ ವರ್ಷ ಹೇಗೋ ನಿಭಾಯಿಸಿ, ಮುಟ್ಟು ನಿಂತ ವಯಸ್ಸಿನಲ್ಲಿ ಸೋಲಬಹುದು. ದೀರ್ಘಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಮೂಲವ್ಯಾಧಿ, ಭಗಂದರಗಳ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುವಿಗೆ ಪೆಟ್ಟು ಬೀಳುವುದುಂಟು.

ಆದರೆ ದೊಡ್ಡ ಪರೀಕ್ಷೆಗಳಿಗೆ ಮೊದಲು ಎರಡು ಸಂಗತಿ ನೋಡಲೇಬೇಕು. ಒಂದು, ಭೇದಿ. ತೆಳು ಮಲವನ್ನು ತಡೆಯುವುದು ಎಂದಿಗೂ ಕಷ್ಟ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ಕೆಲವರಲ್ಲಿ ಭೇದಿ ತರುತ್ತದೆ. ಎರಡು, ಮಲಬದ್ಧತೆ. ವಯಸ್ಸಾದವರಲ್ಲಿ ಗಟ್ಟಿ ಮಲ ಗುದನಾಳದಲ್ಲಿ ಸಿಕ್ಕಿಕೊಂಡು, ಅದರ ಸುತ್ತಲಿನಿಂದ ನೀರು ಮಲ ಸೋರುತ್ತಿರುತ್ತದೆ. ಮನೆಯವರು ಅದನ್ನೇ ಭೇದಿಯೆಂದು ತಿಳಿದು ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಕೆಲಸ ಇನ್ನೂ ಕೆಡುತ್ತದೆ. ವೈದ್ಯರು ಬೆರಳಿನಿಂದ ಪರೀಕ್ಷಿಸಿದರೆ ಹೆಚ್ಚಿನವರಲ್ಲಿ ಇದು ಗೊತ್ತಾಗುತ್ತದೆ.

ಈ ಮಹಿಳೆಗೆ ಇವೆರಡೂ ಇರಲಿಲ್ಲ. 28 ವರ್ಷದ ಹಿಂದೆ ಚೊಚ್ಚಲ ಹೆರಿಗೆಯಲ್ಲಿ ಇಕ್ಕಳ ಹಾಕಿ ಮಗುವನ್ನು ತೆಗೆದಿದ್ದರಂತೆ. ಅವರನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅನೋರೆಕ್ಟಲ್ ಮ್ಯಾನೋಮೆಟ್ರಿ ಪರೀಕ್ಷೆಗೆ ಕಳಿಸಿದೆ. ಹೆಸರು ಕೇಳಿ ಹೆದರಬೇಡಿ. ಎಡ ಮಗ್ಗುಲಾಗಿ ಮಲಗಿಸಿ, ತುದಿಯಲ್ಲಿ ಪುಟ್ಟ ಬಲೂನಿರುವ ತೆಳು ಕೊಳವೆಯೊಂದನ್ನು ಗುದದ್ವಾರದೊಳಗೆ ಇಡುತ್ತಾರೆ. ಅರಿವಳಿಕೆ ಬೇಡ; ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸುಮ್ಮನಿದ್ದಾಗಿನ ಒತ್ತಡ ಮುಖ್ಯವಾಗಿ ಒಳ ಸ್ನಾಯುವಿನ ಸ್ಥಿತಿಯನ್ನೂ, ಬಿಗಿಹಿಡಿದಾಗಿನ ಒತ್ತಡ ಹೊರ ಸ್ನಾಯುವಿನ ಶಕ್ತಿಯನ್ನೂ ಹೇಳುತ್ತದೆ. ಆಮೇಲೆ ಬಲೂನಿಗೆ ಸ್ವಲ್ಪಸ್ವಲ್ಪವೇ ಗಾಳಿ ತುಂಬುತ್ತ, ಯಾವಾಗ ತಿಳಿಯಿತೆಂದು ಕೇಳುತ್ತಾರೆ.

ಅವರ ಒಳ ಸ್ನಾಯು ಚೆನ್ನಾಗಿತ್ತು. ಹೊರ ಸ್ನಾಯುವನ್ನು 3 ಸೆಕೆಂಡಿಗಿಂತ ಹೆಚ್ಚು ಹಿಡಿಯಲಾಗಲಿಲ್ಲ. ಅದರ ಬದಲು ಹೊಟ್ಟೆಯನ್ನು ಬಿಗಿಯುತ್ತಿದ್ದರು. ಹೊಟ್ಟೆ ಬಿಗಿದರೆ ಮಲ ಹೊರಕ್ಕೇ ತಳ್ಳಲ್ಪಡುತ್ತದೆ! ಬಲೂನಿಗೆ 70 ಮಿ.ಲೀ. ಗಾಳಿ ತುಂಬುವವರೆಗೆ ಅವರಿಗೆ ಏನೂ ತಿಳಿಯಲಿಲ್ಲ. ಬಹಳ ಜನರಿಗೆ ಅದರ ಅರ್ಧಕ್ಕಿಂತ ಮೊದಲೇ ತಿಳಿಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹೊರ ಸ್ನಾಯುವಿನ ಒಂದು ಕಡೆ ಹಳೆಯ ಕಲೆ ಕಂಡರೂ ಅದು ಪೂರ್ತಿ ಹರಿದಿರಲಿಲ್ಲ.

ಹೀಗಾಗಿ ಬಯೋಫೀಡ್‌ಬ್ಯಾಕ್ ತರಬೇತಿ ಆರಂಭವಾಯಿತು. ಅಂಥದೇ ಕೊಳವೆ, ಎದುರಿಗೆ ಪರದೆ. ಸರಿಯಾದ ಸ್ನಾಯು ಬಿಗಿದರೆ ಪರದೆಯ ಗೆರೆ ಮೇಲೇರುತ್ತದೆ; ಹೊಟ್ಟೆ ಬಿಗಿದರೆ ಇನ್ನೊಂದು ಗೆರೆ ತಪ್ಪನ್ನು ತೋರಿಸಿಕೊಡುತ್ತದೆ. ಕಣ್ಣಿಗೆ ಕಾಣದ ಸ್ನಾಯುವನ್ನು ಕಣ್ಣಿನಿಂದಲೇ ಕಲಿಯುವ ಪಾಠ ಇದು. ಬಲೂನು ಉಬ್ಬಿದ್ದು ತಿಳಿದ ಕೂಡಲೇ ಬಿಗಿಹಿಡಿಯಬೇಕು. ದಿನದಿಂದ ದಿನಕ್ಕೆ ಗಾಳಿಯನ್ನು ಕಡಿಮೆ ಮಾಡುತ್ತ, ಸಣ್ಣ ಸೂಚನೆಯನ್ನೂ ಗುರುತಿಸಲು ಕಲಿಸುತ್ತಾರೆ. ವಾರಕ್ಕೊಮ್ಮೆಯಂತೆ 6 ಬಾರಿ ಹೋದರು. ಮನೆಯಲ್ಲಿ ದಿನಕ್ಕೆ 3 ಸಲ, ಒಂದೊಂದು ಸಲಕ್ಕೆ 10 ಬಾರಿ, ಉಸಿರು ಕಟ್ಟದೆ ಬಿಗಿಹಿಡಿದು ಸಡಿಲಿಸುವ ಅಭ್ಯಾಸ ಮಾಡಿದರು. ಮಲ ಹದವಾಗಿರಲು ಇಸಬ್‌ಗೋಲು ಕೊಟ್ಟೆವು.

ಕೊನೆಯಲ್ಲಿ ಅವರಿಗೆ 30 ಮಿ.ಲೀ.ಗೇ ತಿಳಿಯುತ್ತಿತ್ತು, 12 ಸೆಕೆಂಡು ಹಿಡಿಯುತ್ತಿದ್ದರು. ವಾರಕ್ಕೆ ಮೂರು ಸಲ ಆಗುತ್ತಿದ್ದ ಅನಾಹುತ ತಿಂಗಳಿಗೊಮ್ಮೆ ಚೂರು ಕಲೆಯಾಗುವಷ್ಟಕ್ಕೆ ಇಳಿಯಿತು. ಪೂರ್ತಿ ಗುಣವೆಂದು ನಾನು ಹೇಳಲಾರೆ. ಆದರೆ ಬಸ್ಸು ಹತ್ತಿ ತಂಗಿಯ ಮಗನ ಮದುವೆಗೆ ಹೋಗಿಬಂದರು.

ಈ ತರಬೇತಿ ಎಲ್ಲರಿಗೂ ಒಗ್ಗದು. ಸ್ನಾಯು ಪೂರ್ತಿ ಹರಿದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕು. ನರಗಳು ತೀರಾ ಹಾಳಾಗಿದ್ದರೆ, ಹೇಳಿದ್ದನ್ನು ನೆನಪಿಡಲಾಗದ ಮರೆವಿನ ಕಾಯಿಲೆಯಿದ್ದರೆ ಫಲ ಕಡಿಮೆ. ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿಯುತ್ತಿದ್ದರೆ ಮೊದಲು ಅದರ ಕಾರಣ ಹುಡುಕಿಸಿ. ಸೊಂಟನೋವು, ಕಾಲಿನ ಬಲಹೀನತೆ, ಗುದದ ಸುತ್ತ ಮರಗಟ್ಟಿದಂತಾಗುವುದು, ಇವುಗಳ ಜೊತೆ ಮಲದ ಹಿಡಿತ ಹಠಾತ್ತನೆ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಲ್ಪಟ್ಟಿರಬಹುದು.

ನಿಮ್ಮ ಮನೆಯಲ್ಲಿ ಅಮ್ಮನೋ ಅತ್ತೆಯೋ ಈಚೆಗೆ ಕಾರಣ ಹೇಳದೆ ಊರಿಗೆ ಬರಲು ಒಲ್ಲೆನೆನ್ನುತ್ತಿದ್ದಾರೆಯೇ? ಒಮ್ಮೆ ಏಕಾಂತದಲ್ಲಿ ಕೇಳಿ ನೋಡಿ.